ಹತ್ತನೆಯ ಕಂತು

ಬೆಳ್ಮಣ್
೧೨ ಫೆಬ್ರವರಿ ೨೦೨೩

ರಘುವೀರ,

ನಿನ್ನ ಅಪ್ಪನಿಗೆ ಕಾರ್ಕಳಕ್ಕೆ ವರ್ಗವಾಗಿದ್ದಾಗ ಹೈಸ್ಕೂಲಿನಲ್ಲಿ ಮೂರು ವರ್ಷ ನಿನಗೆ ಕನ್ನಡ ಕಲಿಸಿದವಳು ನಾನು. ಪತ್ರಕ್ಕೆ ಒಕ್ಕಣೆ ಹೇಗಿರಬೇಕೆಂದು ಹೇಳಿಕೊಟ್ಟವಳೂ ನಾನೇ. ಇವತ್ತು ಒಕ್ಕಣೆ ಬರೆಯಲು ಕೈ ಏಳಲಿಲ್ಲ. ನಿನ್ನ ಫೋನುಗಳನ್ನು ಬೇಕೆಂದೇ ಎತ್ತಲಿಲ್ಲ. ಫೋನಿನಲ್ಲಿ ನೀನು ಬೆಲ್ಲದ ಮಾತಿನವ. ಹೇಳುವುದಿದ್ದರೆ ಕಾಗದದಲ್ಲಿ ಹೇಳು.

ಕಳೆದ ಭಾನುವಾರ ಪೂಜೆ ಮುಗಿಸಿ ಬಂದು ನಿಮ್ಮ ಸರಣಿಯ ನಾಲ್ಕನೆಯ ಕಂತು ನೋಡಿದೆವು. ಮಗ ಲೆಸ್ಟರ್ ಟೀವಿಗೆ ಹಾಕಿಕೊಟ್ಟ. ಹಿಂದಿ ಮಾತು, ಕೆಳಗೆ ಇಂಗ್ಲಿಷ್ ಸಬ್‌ಟೈಟಲ್. ಕಾಪುವಿನ ದೀಪಸ್ತಂಭ, ಬಂಡೆ, ನೊರೆ, ಒಂದು ಹುಡುಗಿಯ ಪಾದ. ಇನ್ನೂ ಹೆಸರುಗಳು ಬರುವ ಮೊದಲೇ ನನ್ನ ಮಗಳು ಹೆಣವಾಗಿದ್ದಳು. ಶರೋನ್ ಎಂಬುದನ್ನು ಶೆರಿನ್ ಮಾಡಿದ್ದೀರಿ, ದೊಡ್ಡ ಉಪಕಾರ. ಕಪ್ಪು ಕನ್ನಡಕದ ಅಧಿಕಾರಿ ಹೆಣದ ಪಕ್ಕ ನಿಂತು ಒಂದು ಜೋಕು ಹೇಳಿದ. ಆಮೇಲೆ ಸಂಗೀತ.

ಮಣಿಪಾಲದ ಲ್ಯಾಬಿನಲ್ಲಿ ರಕ್ತ ಪರೀಕ್ಷೆಯ ಕೆಲಸದಲ್ಲಿದ್ದವಳು ನನ್ನ ಮಗಳು. ಅಮೆರಿಕದ ಪತ್ತೇದಾರಿ ಸರಣಿಗಳಲ್ಲಿ ಯಂತ್ರಕ್ಕೆ ಹನಿ ರಕ್ತ ಹಾಕಿದ ಕೂಡಲೇ ಅಪರಾಧಿಯ ಫೋಟೋ ಬಂದರೆ ಬಿದ್ದು ಬಿದ್ದು ನಗುತ್ತಿದ್ದಳು. "ಮಮ್ಮಿ, ನಮ್ಮಲ್ಲಿ ಒಂದು ಕಲ್ಚರ್ ರಿಪೋರ್ಟಿಗೇ ಎರಡು ಮೂರು ದಿನ ಬೇಕು ಮಾರಾಯ್ತಿ" ಅನ್ನುತ್ತಿದ್ದಳು. ಅವಳ ಸಾವನ್ನೇ ನೀವು ಅಂಥ ಯಂತ್ರಕ್ಕೆ ಹಾಕಿದ್ದೀರಿ. ಅವಳ ಉಗುರಿನ ಮಾದರಿಯ ವರದಿಗೆ ನಾವು ತಿಂಗಳುಗಟ್ಟಲೆ ಕಾದೆವು. ಬಂದ ವರದಿಯಲ್ಲಿ ಏನೂ ಇರಲಿಲ್ಲ. ಕೊನೆಗೆ ಪತ್ತೆಯಾಗದ ಪ್ರಕರಣ ಎಂದು ಮುಚ್ಚಿದರು. ನಿಮ್ಮಲ್ಲಿ ನಲವತ್ತು ನಿಮಿಷಕ್ಕೆ ಕೊಲೆಗಾರ ಸಿಕ್ಕಿದ, ತಂಡದವರೆಲ್ಲ ಬಿಯರ್ ಕುಡಿಯಲು ಹೋದರು.

ಅದನ್ನೂ ನುಂಗುತ್ತಿದ್ದೆನೋ ಏನೋ. ಆದರೆ ಆ ಪ್ರಿಯಕರ? ನಿನಗೆ ನಾನು ಹೇಳಿದ್ದು ನನಗೆ ಚೆನ್ನಾಗಿ ನೆನಪುಂಟು. ಆ ಕೊನೆಯ ದಿನ ಶರೋನ್ ಫೋನನ್ನು ಕಿವಿಗಿಟ್ಟುಕೊಂಡೇ ಅಡಿಗೆಮನೆಯ ಬಾಗಿಲಲ್ಲಿ ನನ್ನ ಕಡೆ ತಿರುಗಿ "ಯೆತಾಂ" ಎಂದು ಹೊರಟಳು. ಮನೆಯಿಂದ ಹೊರಡುವಾಗ ನಾವು ಯಾರೂ "ಹೋಗ್ತೇನೆ" ಅನ್ನುವುದಿಲ್ಲ. ಕೊಂಕಣಿಯಲ್ಲಿ ಯೆತಾಂ, ತುಳುವಿನಲ್ಲಿ ಬರ್ಪೆ, ಕನ್ನಡದಲ್ಲಿ ಬರ್ತೇನೆ. ನಿಮ್ಮ ಕಂತಿನಲ್ಲಿ ಅದು "ಐ ಯಾಮ್ ಕಮಿಂಗ್" ಆಯಿತು. ಅಮ್ಮನಿಗೆ ಹೇಳಿದ್ದು ಫೋನಿನವನಿಗೆ ಹೇಳಿದ್ದಾಯಿತು. ಫೋನಿನವ ಪ್ರಿಯಕರನಾದ, ಪ್ರಿಯಕರ ಕೊಲೆಗಾರನಾದ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ.

ಈಗ ಬೆಳ್ಮಣ್ ಬಸ್‌ಸ್ಟ್ಯಾಂಡಿನಲ್ಲಿ ಜನ ಏನು ಮಾತಾಡುತ್ತಾರೆ ಗೊತ್ತುಂಟಾ? "ಅಂತೂ ಸತ್ಯ ಹೊರಗೆ ಬಂತು" ಅನ್ನುತ್ತಾರೆ.

ಎರಡು ವರ್ಷದ ಹಿಂದೆ ನೀನು ಮಣಿಪಾಲದಲ್ಲಿ ರೂಮು ಹಿಡಿದು ದಿನಾ ನಮ್ಮಲ್ಲಿಗೆ ಬರುತ್ತಿದ್ದೆ. ಲ್ಯಾಪ್‌ಟಾಪಿನಲ್ಲಿ ಆ ನಾರ್ವೆಯ ಸರಣಿ ತೋರಿಸಿದೆ. ಮಗಳನ್ನು ಹೂತು ಬಂದ ತಾಯಿ ಫ್ರಿಜ್ ತೊಳೆಯುತ್ತಾಳೆ, ಮಗಳು ಅರ್ಧ ತಿಂದಿಟ್ಟ ಮೊಸರಿನ ಡಬ್ಬಿ ಸಿಗುತ್ತದೆ, ಎಸೆಯಬೇಕೋ ಬೇಡವೋ ಎಂದು ನಿಂತೇ ಇರುತ್ತಾಳೆ. ಒಂದು ಮಾತಿಲ್ಲ. "ಟೀಚರ್, ಶರೋನ್ ಕಥೆಯನ್ನು ನಾನು ಹೀಗೆ ಮಾಡುವುದು" ಎಂದೆ. ಅದನ್ನು ನಂಬಿ ನಾನು ಬಾಯಿ ಬಿಟ್ಟೆ. ನೀನು ನನ್ನ ಕೈಯ ಬಂಗುಡೆ ಗಸಿ ಉಂಡು, ಉಂಡ ಮನೆಯ ಜಂತಿ ಎಣಿಸಿದೆ.

ನನಗೆ ನಿನ್ನ ಮೇಲೆ ಇರುವುದು ಸಿಟ್ಟಲ್ಲ, ಹಗೆ. ಕ್ಷಮಿಸಬೇಕೆಂದು ನನ್ನ ಧರ್ಮ ಹೇಳುತ್ತದೆ. ಇದೊಂದು ನನ್ನಿಂದಾಗುವುದಿಲ್ಲ ಎಂದು ಪಾದ್ರಿಯವರಿಗೂ ಹೇಳಿ ಬಂದಿದ್ದೇನೆ.

ಝೀಟಾ


ಮುಂಬೈ
೨೬ ಫೆಬ್ರವರಿ ೨೦೨೩

ಪೂಜ್ಯ ಟೀಚರಿಗೆ ನಮಸ್ಕಾರಗಳು.

ನಿಮ್ಮ ಪತ್ರವನ್ನು ನಾಲ್ಕೈದು ಸಲ ಓದಿದೆ. ಬೈದದ್ದು ಸರಿ. ಆದರೆ ನಡೆದದ್ದನ್ನು ಹೇಳಲು ಬಿಡಿ.

ನಾನು ಬರೆದದ್ದು ನಿಮಗೆ ಮಾತು ಕೊಟ್ಟದ್ದನ್ನೇ. ಒಂದೇ ಸಾವು, ಹತ್ತು ಗಂಟೆ. ಪೊಲೀಸರದ್ದು ಒಂದು ಎಳೆ, ಮನೆಯವರದ್ದು ಒಂದು ಎಳೆ, ಊರಿನದ್ದು ಇನ್ನೊಂದು. ಸರಣಿ ಮಾಡಿಸುವ ಕಂಪೆನಿಯವರು ಎರಡು ಕಂತು ಓದಿ ವಾಪಸ್ ಕೊಟ್ಟರು. "ಮೊದಲ ಕಂತಿನಲ್ಲಿ ಒಬ್ಬಳು ತಾಯಿ ಮೀನು ತೊಳೆಯುತ್ತಾಳೆ, ಅಷ್ಟೇ ಅಲ್ವಾ?" ಎಂದು ಕೇಳಿದರು. ಅವರ ಹತ್ತಿರ ಗ್ರಾಫ್ ಉಂಟು ಟೀಚರ್. ಯಾವ ನಿಮಿಷದಲ್ಲಿ ಎಷ್ಟು ಜನ ಎದ್ದು ಹೋದರು ಎಂದು ಕಾಣುತ್ತದೆ.

ಅಮೆರಿಕದ ಮಾದರಿ ಹುಟ್ಟಿದ್ದೇ ಜಾಹೀರಾತಿನಿಂದ. ಹೆಸರು ಬರುವ ಮೊದಲು ಹೆಣ. ಪ್ರತಿ ಜಾಹೀರಾತಿಗೆ ಮೊದಲು ಒಂದು ತಿರುವು, ಇಲ್ಲದಿದ್ದರೆ ಜನ ಚಾನೆಲ್ ಬದಲಿಸುತ್ತಾರೆ. ಮಧ್ಯದಲ್ಲಿ ತಪ್ಪು ಮನುಷ್ಯನನ್ನು ಹಿಡಿಯಬೇಕು, ಕೊನೆಗೆ ಸರಿಯಾದವನನ್ನು. ಮುಂದಿನ ವಾರ ಎಲ್ಲರೂ ಏನೂ ಆಗದವರ ಹಾಗೆ ಹೊಸ ಹೆಣದ ಹತ್ತಿರ ನಿಂತಿರಬೇಕು. ಯಾವ ಕಂತನ್ನು ಎಲ್ಲಿಂದ ನೋಡಿದರೂ ಅರ್ಥವಾಗಬೇಕು ಎಂಬುದೇ ಲೆಕ್ಕ. ಈಗ ಜಾಹೀರಾತು ಇಲ್ಲದ ಕಡೆಯೂ ಆ ಅಚ್ಚು ಹೋಗಿಲ್ಲ. ಮೇಲಿಂದ ಈಗಿನವರು ಕೈಯಲ್ಲಿ ಮೊಬೈಲ್ ಹಿಡಿದೇ ಟೀವಿ ನೋಡುವುದು. ಅದಕ್ಕೆ ಪಾತ್ರಗಳು ಮಾಡುವುದನ್ನೆಲ್ಲ ಬಾಯಲ್ಲೂ ಹೇಳಬೇಕು.

ಯುರೋಪಿನ ಆ ಸರಣಿಗಳಿಗೆ ಸಾರ್ವಜನಿಕ ಟೀವಿಯ ಹಣ. ಜಾಹೀರಾತಿಗಾಗಿ ಕಥೆ ಕಡಿಯುವ ಕಷ್ಟ ಇಲ್ಲ. ಡೇನಿಷ್, ನಾರ್ವೇಜಿಯನ್ ಬಾರದ ನಮಗೆ ಸಬ್‌ಟೈಟಲ್ ಓದದೆ ಗತಿ ಇಲ್ಲ. ಓದಬೇಕಾದರೆ ಕಣ್ಣು ಪರದೆ ಬಿಟ್ಟು ಅಲ್ಲಾಡುವ ಹಾಗಿಲ್ಲ. ಹಾಗಾಗಿಯೇ ಅಲ್ಲಿ ಒಬ್ಬಳು ಸುಮ್ಮನೆ ನಿಂತರೂ ನಾವು ನೋಡುತ್ತೇವೆ.

ನನ್ನ ಹತ್ತು ಗಂಟೆಯನ್ನು ಒಂದು ಕಂತಿಗೆ ಇಳಿಸಿದರು. "ಬರ್ತೇನೆ" ವಿಷಯ ನನ್ನನ್ನೂ ಕೊಂದಿದೆ. ನಿಮ್ಮ ಮಾತುಗಳನ್ನು ಯಾರೋ ಇಂಗ್ಲಿಷಿಗೆ ಇಳಿಸಿದ್ದರು. ದೆಹಲಿಯ ಮುಖ್ಯ ಬರಹಗಾರ ಜಿತೇಂದ್ರ ಅದನ್ನೇ ಸುಳಿವು ಎಂದು ಹಿಡಿದ. ಆ ದಿನ ಬರಹಗಾರರು ಕೂರುವ ರೂಮಿನಲ್ಲಿ ನಾನಿರಲಿಲ್ಲ. ಗೊತ್ತಾಗುವಾಗ ಚಿತ್ರೀಕರಣ ಮುಗಿದಿತ್ತು.

ಕ್ಷಮಿಸಿ.

ನಿಮ್ಮ ಶಿಷ್ಯ
ರಘುವೀರ


ಬೆಳ್ಮಣ್
೧೫ ಮಾರ್ಚ್ ೨೦೨೩

ರಘುವೀರ,

ಪಾಠ ಚೆನ್ನಾಗಿತ್ತು. ಗ್ರಾಫಿನಲ್ಲಿ ನಮ್ಮ ಮನೆಯೂ ಕಾಣುತ್ತದೆಯಾ ನೋಡು. ಇಪ್ಪತ್ತನೆಯ ನಿಮಿಷಕ್ಕೆ ಅಲೆಕ್ಸಾಂಡರ್ ಎದ್ದು ಹೋದರು. ಬಹರೈನಿನ ಬಿಸಿಲಲ್ಲಿ ಅರ್ಧ ಆಯಸ್ಸು ಕಳೆದ ನನ್ನ ಗಂಡ ಆವತ್ತಿನಿಂದ ಭಾನುವಾರದ ಪೂಜೆಗೆ ಇಗರ್ಜಿಗೂ ಬರುವುದಿಲ್ಲ. ಲೆಸ್ಟರನ ಮಗಳಿಗೆ ಶಾಲೆಯಲ್ಲಿ ಕೇಳಿದರಂತೆ, ನಿನ್ನ ಅತ್ತೆ ಓಡಿಹೋಗುತ್ತಿದ್ದವಳಾ ಎಂದು.

ಇನ್ನು ಬರೆಯಬೇಡ.

ಝೀಟಾ


ಮುಂಬೈ
೯ ಆಗಸ್ಟ್ ೨೦೨೩

ಪೂಜ್ಯ ಟೀಚರಿಗೆ,

ಬರೆಯಬೇಡ ಎಂದಿರಿ. ಐದು ತಿಂಗಳು ಬರೆಯಲಿಲ್ಲ. ಈಗ ಬರೆಯದಿದ್ದರೆ ಇನ್ನೊಂದು ತಪ್ಪಾಗುತ್ತದೆ.

ಉತ್ತರ ಯುರೋಪಿನ ಒಂದು ಸಾರ್ವಜನಿಕ ಟೀವಿಯವರು ನನ್ನ ಹಳೆಯ ಬರಹ ಓದಿದ್ದಾರೆ. ಹತ್ತು ಗಂಟೆಯದ್ದು, ಮೀನು ತೊಳೆಯುವ ತಾಯಿಯದ್ದು. ಅವರಿಗೆ ಅದು ಹಾಗೆಯೇ ಬೇಕಂತೆ. ಕೊಂಕಣಿ, ತುಳು, ಕನ್ನಡದಲ್ಲೇ ಮಾತು, ಹೊರಗಿನವರಿಗೆ ಸಬ್‌ಟೈಟಲ್. "ಕೊಲೆಗಾರ ಕೊನೆಯವರೆಗೂ ಸಿಗುವುದಿಲ್ಲ" ಎಂದು ಹೆದರುತ್ತಾ ಹೇಳಿದೆ. ಅವರ ಕಡೆಯಿಂದ ಮಾತಾಡಿದ ಹೆಂಗಸು, "ಸಿಗದಿದ್ದರೆ ಮನೆಯವರು ಹೇಗೆ ಬದುಕುತ್ತಾರೆ ಎಂಬುದು ಉಂಟಲ್ಲ" ಎಂದರು.

ನಿಜವಾದ ಘಟನೆ ಆದದ್ದರಿಂದ ಮನೆಯವರ ಲಿಖಿತ ಒಪ್ಪಿಗೆ ಇಲ್ಲದೆ ಅವರು ಒಂದು ಹೆಜ್ಜೆ ಮುಂದಿಡುವುದಿಲ್ಲ. ಉಡುಪಿಯ ವಕೀಲ ಉಮಾನಾಥರು ಕಾಗದ ತಯಾರು ಮಾಡುತ್ತಾರೆ. ನೀವು ಸಹಿ ಹಾಕಿದರೆ ಶರೋನ್ ಹೆಸರಿಗೆ ಹತ್ತಿದ ಕೆಸರನ್ನು ತೊಳೆಯಬಹುದು. ಇದು ನನ್ನ ಬದುಕಿನ ಕೆಲಸ ಎಂಬುದನ್ನೂ ಮುಚ್ಚಿಡುವುದಿಲ್ಲ. ಇದೊಂದು ಆಗದಿದ್ದರೆ ನಾನು ವಾರಕ್ಕೊಂದು ಹೆಣ ಬರೆಯುವವನಾಗಿಯೇ ಮುಗಿಯುತ್ತೇನೆ.

ರಘುವೀರ


ಬೆಳ್ಮಣ್
೩ ಸೆಪ್ಟೆಂಬರ್ ೨೦೨೩

ರಘುವೀರ,

ನಿನ್ನ ಪತ್ರ ಬಂದಾಗ ಹರಿಯುವ ಎಂದಿದ್ದೆ. ಹರಿಯಲಿಲ್ಲ. ಮಧ್ಯದಲ್ಲಿ ನಿಮ್ಮ ನಾಲ್ಕನೆಯ ಕಂತನ್ನು ಇನ್ನೊಂದು ಸಲ ನೋಡಿದೆ, ಈ ಸಲ ಕನ್ನಡದಲ್ಲಿ. ಚೆನ್ನಾಗಿ ಡಬ್ ಮಾಡಿದ್ದಾರೆ.

ಒಪ್ಪಿಗೆಯ ಮಾತು ಆಮೇಲೆ. ಮೊದಲು ನೀನು ಇಲ್ಲಿಗೆ ಬಾ. ಹತ್ತು ದಿನ ಇರು, ನಿನ್ನ ಒಂದೊಂದು ಕಂತಿಗೆ ಒಂದೊಂದು ದಿನ. ಮೊಬೈಲನ್ನು ಲೆಸ್ಟರನ ಅಂಗಡಿಯಲ್ಲಿ ಕೊಟ್ಟು ಬರಬೇಕು. ಏನೂ ಕೇಳಬಾರದು, ರೆಕಾರ್ಡ್ ಮಾಡಬಾರದು. ನಾವು ಇರುವ ಹಾಗೆ ಇರುತ್ತೇವೆ. ನೀನು ನೋಡು. ಅಲೆಕ್ಸಾಂಡರ್ ಚಾವಡಿಯಲ್ಲಿ ಕುಳಿತಿರುತ್ತಾರೆ, ನೀನೂ ಎದುರು ಕುಳಿತಿರು.

ನಿಧಾನದ್ದು ಬರೆಯುವವನು ನಿಧಾನವಾಗಿ ಕೂರಲೂ ಕಲಿತಿರಬೇಕಲ್ಲ.

ಮೀನು ತಿನ್ನುವುದನ್ನು ಬಿಡಲಿಲ್ಲ ತಾನೇ?

ಝೀಟಾ ಟೀಚರ್


ಮುಂಬೈ
೨೦ ನವೆಂಬರ್ ೨೦೨೩

ಪ್ರೀತಿಯ ಟೀಚರ್,

ನಿಮ್ಮ ಮನೆಯಿಂದ ಬಂದು ತಿಂಗಳಾಯಿತು. ಇಲ್ಲಿಯ ಗದ್ದಲ ಇನ್ನೂ ಕಿವಿಗೆ ಒಗ್ಗಿಲ್ಲ.

ಮೊದಲ ಎರಡು ದಿನ ನನಗೆ ಹುಚ್ಚು ಹಿಡಿಯುವುದೊಂದು ಬಾಕಿ. ಅಲೆಕ್ಸಾಂಡರ್ ಸರ್ ಎದುರು ಕುಳಿತಿದ್ದೆ. ಅವರು ಮಾತಾಡಲಿಲ್ಲ, ನನ್ನ ಕೈ ಮೊಬೈಲಿಗಾಗಿ ಕಿಸೆ ತಡವುತ್ತಿತ್ತು. ಮೂರನೆಯ ದಿನ ಒಂದು ವಿಷಯ ಕಂಡಿತು. ರಸ್ತೆಯಲ್ಲಿ ಸ್ಕೂಟರಿನ ಸದ್ದಾದಾಗಲೆಲ್ಲ ಅವರು ಪೇಪರ್ ಕೆಳಗಿಳಿಸುತ್ತಾರೆ. ಸ್ಕೂಟರ್ ಮುಂದೆ ಹೋದ ಮೇಲೆ ಓದಿದ ಸಾಲನ್ನೇ ಮತ್ತೆ ಓದುತ್ತಾರೆ. ಶರೋನ್ ಸ್ಕೂಟರಿನಲ್ಲೇ ಬರುತ್ತಿದ್ದದ್ದಲ್ಲವೇ? ಇದನ್ನು ಯಾರೂ ನನಗೆ ಹೇಳಿರಲಿಲ್ಲ. ಹೇಳಲು ಬರುವ ವಿಷಯವೂ ಅಲ್ಲ.

ಏಳನೆಯ ದಿನ ನೀವು ನನ್ನನ್ನು ಕಾಪುವಿಗೆ ಕರೆದುಕೊಂಡು ಹೋದಿರಿ. ಬಂಡೆಯ ಹತ್ತಿರ ಮಕ್ಕಳು ಐಸ್‌ಕ್ಯಾಂಡಿ ತಿನ್ನುತ್ತಿದ್ದರು, ಒಂದು ಮದುವೆ ಜೋಡಿ ಫೋಟೋ ತೆಗೆಸಿಕೊಳ್ಳುತ್ತಿತ್ತು. ನೀವು ಅವರಿಗೆ ಅಡ್ಡವಾಗಬಾರದೆಂದು ಪಕ್ಕಕ್ಕೆ ಸರಿದು ನಿಂತಿರಿ. ನಿಮ್ಮ ಮಗಳು ಬಿದ್ದಿದ್ದ ಜಾಗದಲ್ಲಿ ನೀವು ಯಾರಿಗೋ ಜಾಗ ಬಿಟ್ಟುಕೊಟ್ಟಿರಿ. ಎಂಟನೆಯ ಕಂತು ಪೂರ್ತಿ ಅದೇ.

ಹತ್ತು ಕಂತುಗಳನ್ನೂ ಹೊಸದಾಗಿ ಬರೆದಿದ್ದೇನೆ, ಇದರ ಜೊತೆ ಕಳಿಸಿದ್ದೇನೆ. ಹತ್ತನೆಯದರ ಕೊನೆಯಲ್ಲಿ ತಾಯಿ ಕೇಸು ಮುಚ್ಚಿದ ಸುದ್ದಿ ಕೇಳಿ ಮನೆಗೆ ಬಂದು ಅಕ್ಕಿ ನೆನೆಹಾಕುತ್ತಾಳೆ. ನಿಮ್ಮ ಮನೆಯಿಂದ ನಾನು ಹೊರಟು ನಿಂತಾಗ ನೀವು ನನ್ನ ತಲೆ ಮುಟ್ಟಿದಿರಿ. ನನಗೆ ಕ್ಷಮೆ ಸಿಕ್ಕಿತು ಎಂದು ಬಸ್ಸಿನಲ್ಲಿ ಅತ್ತುಬಿಟ್ಟೆ.

ನಿಮ್ಮ
ರಘು


ಬೆಳ್ಮಣ್
೧೪ ಜನವರಿ ೨೦೨೪

ರಘುವೀರ,

ನಿನ್ನ ತಲೆಯ ಮೇಲೆ ಜೇಡರ ಬಲೆ ಇತ್ತು. ತೆಗೆದೆ.

ಬರಹ ಪೂರ್ತಿ ಓದಿದೆ. ಕೆಂಪು ಪೆನ್ನು ಕೈಯಲ್ಲೇ ಇತ್ತು, ಗೀಚಲು ಜಾಗ ಸಿಗಲಿಲ್ಲ. ಸ್ಕೂಟರಿನ ಸದ್ದು, ಪೇಪರ್ ಕೆಳಗಿಳಿಯುವುದು ಓದಿ ಅಡಿಗೆಮನೆಗೆ ಹೋಗಿ ಅತ್ತೆ. ಈ ಎಂಟು ವರ್ಷಗಳಲ್ಲಿ ನನ್ನ ಮಗಳನ್ನು ಇಷ್ಟು ಹತ್ತಿರ ತಂದವರು ಬೇರೆ ಯಾರೂ ಇಲ್ಲ. ಅದನ್ನು ಮಾಡಿದವನು ನೀನು ಎಂಬುದೇ ನನ್ನ ಹೊಟ್ಟೆಗೆ ಬೆಂಕಿ.

ಈಗ ಕೇಳು. ಸೆಪ್ಟೆಂಬರಿನಲ್ಲಿ ಕನ್ನಡ ಡಬ್ಬಿಂಗ್ ನೋಡಿದೆ ಎಂದು ಬರೆದಿದ್ದೆ. ನೀನು ಅದರ ಬಗ್ಗೆ ಒಂದಕ್ಷರ ಎತ್ತಲಿಲ್ಲ. ಮುಗಿದ ಮೇಲೆ ಹೆಸರುಗಳು ಓಡುತ್ತವಲ್ಲ, ಮುಂದಿನ ಕಂತಿಗೆ ಹಾರುವವರು ಯಾರೂ ನೋಡದ ಜಾಗ, ಅಲ್ಲಿ ಉಂಟು. ಕನ್ನಡ ಸಂಭಾಷಣೆ, ರಘುವೀರ.

ಕನ್ನಡದಲ್ಲಿ ಆ ಹುಡುಗಿ ಫೋನು ಹಿಡಿದು ಏನನ್ನುತ್ತಾಳೆ? "ಬರ್ತೇನೆ" ಅನ್ನುವುದಿಲ್ಲ. "ಬರ್ತಾ ಇದ್ದೇನೆ" ಅನ್ನುತ್ತಾಳೆ.

ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಸಬ್‌ಟೈಟಲ್ ಆದೀತು. ಕನ್ನಡದಲ್ಲಿ ಆಗುವುದಿಲ್ಲ. "ಬರ್ತೇನೆ" ಅಂದರೆ ಮನೆಯಿಂದ ಹೊರಡುವವರ ಮಾತು, ನೋಡಿದ ಯಾವ ಕನ್ನಡದವರಿಗೂ ಅದು ಅಮ್ಮನಿಗೆ ಹೇಳಿದ್ದು ಎಂದು ಗೊತ್ತಾಗಿಬಿಡುತ್ತದೆ, ನಿಮ್ಮ ಸುಳಿವು ಅಲ್ಲೇ ಠುಸ್ಸಾಗುತ್ತದೆ. "ಬರ್ತಾ ಇದ್ದೇನೆ" ಅಂದರೆ ಕಾಯುತ್ತಿರುವ ಒಬ್ಬನಿಗೆ ಹೇಳಿದ ಮಾತು. ಗೊತ್ತಿಲ್ಲದೆ ತಪ್ಪು ಮಾಡಿದವನು "ಬರ್ತೇನೆ" ಎಂದೇ ಬಿಡುತ್ತಿದ್ದ. ಅದು ಬೇರೆ ಎಂದು ಗೊತ್ತಿದ್ದವನು ಮಾತ್ರ ತಿದ್ದಲು ಸಾಧ್ಯ. ಜಿತೇಂದ್ರನದ್ದು ತಪ್ಪು. ನಿನ್ನದು ತಿದ್ದುಪಡಿ. ನೀನು ಆ ಎರಡು ಅಕ್ಷರ ಸೇರಿಸಿ ನನ್ನ ಮಗಳಿಗೆ ಒಬ್ಬ ಮಿಂಡನನ್ನು ಕಟ್ಟಿದೆ.

ಇದು ಗೊತ್ತಾದ ಮೇಲೆಯೇ ನಿನ್ನನ್ನು ಕರೆಸಿದ್ದು. ಹತ್ತು ದಿನದಲ್ಲಿ ಒಂದು ಸಲವಾದರೂ ನೀನಾಗಿ ಹೇಳುತ್ತೀಯಾ ಎಂದು ಕಾದೆ. ನೀನು ತೋರಿಸಿದ ಸರಣಿಗಳ ಪೊಲೀಸರು ಹಾಗೆಯೇ ಮಾಡುವುದಲ್ಲವಾ, ಪ್ರಶ್ನೆ ಕೇಳಿ ಸುಮ್ಮನೆ ಕೂರುತ್ತಾರೆ, ಎದುರಿನವನು ಆ ಮೌನ ತಡೆಯದೆ ಬಾಯಿ ಬಿಡುತ್ತಾನೆ. ನೀನು ಬಾಯಿ ಬಿಟ್ಟದ್ದು ಮೀನಿಗೆ ಮಾತ್ರ.

ಅಲೆಕ್ಸಾಂಡರ್ ಯಾಕೆ ಮಾತು ಬಿಟ್ಟರೆಂದು ನಿನಗೆ ಗೊತ್ತಿಲ್ಲ. ಕಂತು ನೋಡಿದ ಮರುದಿನ ನನ್ನ ಹತ್ತಿರ ಕೇಳಿದರು, "ಝೀಟಾ, ನಮಗೆ ಗೊತ್ತಿಲ್ಲದೆ ಒಬ್ಬ ಇದ್ದನಾ?" ನಾನು ಇವರ ಕೆನ್ನೆಗೆ ಹೊಡೆದೆ. ಮದುವೆಯಾಗಿ ಮೂವತ್ತೈದು ವರ್ಷಕ್ಕೆ ಮೊದಲ ಸಲ ಕೈ ಎತ್ತಿದೆ. ಸ್ವಂತ ಅಪ್ಪನೂ ಒಂದು ಗಳಿಗೆ ಅವಳ ಮೇಲೆ ಸಂಶಯ ಪಟ್ಟರು, ನಿನ್ನಿಂದ. ಆ ನಾಚಿಕೆಗೆ ಇವರು ಮೂಗರಾದದ್ದು. ಅದನ್ನು ನೀನು ಎದುರು ಕುಳಿತು "ದುಃಖ" ಎಂದು ಬರೆದುಕೊಂಡೆ.

ಕೊಲೆಗಾರ ಸಿಗಲಿಲ್ಲ, ಇನ್ನು ಸಿಗುವುದೂ ಇಲ್ಲ. ನನ್ನ ಕೈಗೆ ಸಿಕ್ಕಿದವನು ನೀನೊಬ್ಬ. ನಿನ್ನನ್ನು ನಾನು ಬಿಡುವುದಿಲ್ಲ.

ಸಹಿ ಬೇಕಾದರೆ ಹತ್ತನೆಯ ಕಂತನ್ನು ಬೇರೆ ಬರಿ. ಅಕ್ಕಿ ನೆನೆಹಾಕುವುದು ಬೇಡ. ತಾಯಿಯ ಮೇಜಿಗೆ ಒಬ್ಬ ಬರಹಗಾರ ಬರಲಿ, ಹಳೆಯ ಶಿಷ್ಯ. ಉಣ್ಣಲಿ. ಅವಳು ಹೇಳಿದ ಮಾತನ್ನು ಕೊಂಡುಹೋಗಿ ಎರಡು ಅಕ್ಷರ ಸೇರಿಸಲಿ. ವಾರಕ್ಕೊಂದು ಹೆಣದ ಕಥೆ ಮಾಡುವವರು ಹೇಗೆ ಮಾಡುತ್ತಾರೆಂದು ಆ ರೂಮನ್ನೇ ತೋರಿಸು. ಕೊಂದವನು ಯಾರು ಎಂದು ಅಮೆರಿಕದವರು ಕೇಳಲಿ. ಸತ್ತ ಮೇಲೆ ಅವಳಿಗೆ ಯಾರ್ಯಾರು ಏನೇನು ಮಾಡಿದರು ಎಂಬುದನ್ನು ನೀನು ತೋರಿಸು.

ಶರೋನಳನ್ನು ಶೆರಿನ್ ಮಾಡಿದ ಹಾಗೆ ಆ ಬರಹಗಾರನ ಹೆಸರನ್ನು ತಿರುಚಬಾರದು. ರಘುವೀರ, ಊರು ಅಂಬಲಪಾಡಿ. ಹಾಗೆಯೇ ಇರಬೇಕು.

ಝೀಟಾ


ಮುಂಬೈ
೨ ಫೆಬ್ರವರಿ ೨೦೨೪

ಟೀಚರ್,

ನೀವು ಹೇಳಿದ್ದು ನಿಜ. ಆವತ್ತು ರೂಮಿನಲ್ಲಿ ನಾನಿದ್ದೆ. ಬಾಯಿ ತೆರೆದಿದ್ದರೆ ಕಂತೇ ಬೀಳುತ್ತಿತ್ತು, ನನ್ನ ಕೆಲಸವೂ ಬೀಳುತ್ತಿತ್ತು. ಇದಕ್ಕಿಂತ ಹೆಚ್ಚು ಹೇಳಲು ನನಗೆ ಮುಖವಿಲ್ಲ.

ನೀವು ಹೇಳಿದ ದೃಶ್ಯ ಬರೆಯುತ್ತೇನೆ. ಆದರೆ ಹೆಸರು ಬದಲಿಸಲು ಬಿಡಿ, ಕೈಮುಗಿಯುತ್ತೇನೆ. ಅಂಬಲಪಾಡಿಯಲ್ಲಿ ಅಮ್ಮ ಇದ್ದಾರೆ, ಅಕ್ಕ ಹರಿಪ್ರಿಯಾಳ ಜೊತೆ. ಅಪ್ಪ ಯಜ್ಞನಾರಾಯಣರ ಹೆಸರು ಅಲ್ಲಿ ಎಲ್ಲರಿಗೂ ಗೊತ್ತು. ಅಮ್ಮ ದಿನಾ ಬೆಳಿಗ್ಗೆ ದೇವಸ್ಥಾನಕ್ಕೆ ಹೋಗುತ್ತಾರೆ, ಸಿಕ್ಕಿದವರಿಗೆಲ್ಲ ನನ್ನ ಮಗ ಕಥೆ ಬರೆಯುತ್ತಾನೆ ಎನ್ನುತ್ತಾರೆ. ನಾಳೆ ಅವರು ಅದೇ ರಸ್ತೆಯಲ್ಲಿ ತಲೆ ತಗ್ಗಿಸಿ ನಡೆಯಬೇಕಾಗುತ್ತದೆ. ನನ್ನ ತಪ್ಪಿಗೆ ಅವರಿಗೇಕೆ ಶಿಕ್ಷೆ? ನೀವೂ ಒಬ್ಬಳು ತಾಯಿ.

ರಘುವೀರ


ಬೆಳ್ಮಣ್
೧೧ ಫೆಬ್ರವರಿ ೨೦೨೪

ರಘುವೀರ,

ಹೌದು, ನಾನೂ ಒಬ್ಬಳು ತಾಯಿ. ಅದು ನಿನಗೆ ಈಗ ನೆನಪಾಯಿತು.

ಹೆಸರು ಬದಲಾಗುವುದಿಲ್ಲ.

ಝೀಟಾ


ಮುಂಬೈ
೨೮ ಏಪ್ರಿಲ್ ೨೦೨೪

ಟೀಚರ್,

ಹತ್ತನೆಯ ಕಂತನ್ನು ಕಳಿಸಿದ್ದೇನೆ. ಹೆಸರು ಬದಲಿಸಿಲ್ಲ. ಯುರೋಪಿನವರು ಓದಿ, ಇದೇ ಕೊನೆ ಇರಲಿ ಎಂದರು. ಅವರಿಗೆ ಅದು ಕಥೆ. ಅಮ್ಮನಿಗೆ ನಾನೇ ಹೇಳಬೇಕೆಂದು ನಾಲ್ಕು ಸಲ ಫೋನ್ ಮಾಡಿದೆ. ಪ್ರತಿ ಸಲ ಊಟ ಆಯಿತಾ ಎಂದು ಕೇಳಿ ಇಟ್ಟುಬಿಟ್ಟೆ.

ರಘುವೀರ


ಬೆಳ್ಮಣ್
೧೯ ಮೇ ೨೦೨೪

ರಘುವೀರ,

ನಿನಗೆ ಹೇಳಲಿಕ್ಕಾಗಲಿಲ್ಲ, ಹಾಗಾಗಿ ನಾನೇ ಹೋದೆ. ಸುಳ್ಳು ಹೇಳುವುದಿಲ್ಲ, ಉಪಕಾರ ಮಾಡಲು ಹೋದದ್ದಲ್ಲ. ಟೀವಿಯಲ್ಲಿ ಬರಲು ಇನ್ನು ಒಂದೆರಡು ವರ್ಷವಾದರೂ ಬೇಕಂತೆ. ಅಲ್ಲಿಯವರೆಗೆ ಕಾಯುವ ತಾಳ್ಮೆ ನನಗಿರಲಿಲ್ಲ. ನಿನ್ನ ತಾಯಿಯ ಮುಖ ಹೇಗಾಗುತ್ತದೆಂದು ಈಗಲೇ ನೋಡಬೇಕಿತ್ತು.

ಲೆಸ್ಟರ್ ಕಾರಿನಲ್ಲಿ ಕರೆದುಕೊಂಡು ಹೋದ. ಉಮಾನಾಥ ವಕೀಲರ ಕಾಗದವನ್ನೂ ಒಯ್ದಿದ್ದೆ. ಅಂಬಲಪಾಡಿಯ ನಿಮ್ಮ ಮನೆಯಲ್ಲಿ ನಿನ್ನ ಅಮ್ಮ ಸುಭಾಷಿಣಿಯಮ್ಮ ಹೂ ಕಟ್ಟುತ್ತಿದ್ದರು. "ಬನ್ನಿ ಬನ್ನಿ ಟೀಚರ್, ಎಷ್ಟು ವರ್ಷ ಆಯ್ತು, ರಘು ಯಾವಾಗಲೂ ನಿಮ್ಮದೇ ಮಾತು" ಎಂದು ಕೈ ಹಿಡಿದರು. ಪಾನಕ ಕೊಟ್ಟರು. ಕುಡಿದೆ. ಅವರ ಮನೆಯದ್ದನ್ನು ಕುಡಿದೇ ಅವರಿಗೆ ನೋವು ಕೊಡಬೇಕೆಂದಿತ್ತು, ನೀನು ಮಾಡಿದ ಹಾಗೆ.

ಓದಿದೆ. ತರಗತಿಯಲ್ಲಿ ಓದುವ ಹಾಗೆ ನಿಧಾನವಾಗಿ, ಒಂದು ಸಾಲೂ ಬಿಡದೆ. ಮೇಜಿನ ದೃಶ್ಯ, ರೂಮಿನ ದೃಶ್ಯ, ನೀನು ಡಬ್ಬಿಂಗ್ ಕಾಗದದ ಮೇಲೆ "ಬರ್ತೇನೆ" ಹೊಡೆದುಹಾಕಿ ಮೇಲೆ ಬರೆಯುವುದು. ಅವರು ಹೂ ಕಟ್ಟುವುದನ್ನು ನಿಲ್ಲಿಸಲಿಲ್ಲ. ಕೈ ತನ್ನ ಪಾಡಿಗೆ ಕಟ್ಟುತ್ತಾ ಇತ್ತು, ಮಾಲೆ ಮೊಣಕಾಲು ದಾಟಿ ನೆಲಕ್ಕೆ ಬಂತು. ನಾನು ಮುಗಿಸಿದ ಮೇಲೆ ಕೇಳಿದರು, "ಇದು ನಮ್ಮ ರಘುವಾ?"

"ಹೌದು" ಅಂದೆ.

"ಕಥೆಗೆ ಸೇರಿಸಿದ್ದಾ, ಆದದ್ದಾ?"

"ಆದದ್ದು."

ಹರಿಪ್ರಿಯಾ ಅಳಲು ಶುರುಮಾಡಿದಳು. ಅವರು ಅಳಲಿಲ್ಲ. ಆ ಗಳಿಗೆಗಾಗಿ ನಾನು ವರ್ಷವಿಡೀ ಬದುಕಿದ್ದೆ, ರಘುವೀರ. ಬಂತು. ಸಂತೋಷವಾಯಿತು. ಆಗಲಿಲ್ಲ ಎಂದು ಬರೆದರೆ ಪತ್ರ ಚೆಂದವಾದೀತು, ಆದರೆ ಆಯಿತು. ಒಂದು ನಿಮಿಷ, ಬಾಯಾರಿದವಳಿಗೆ ನೀರು ಸಿಕ್ಕಿದ ಹಾಗೆ.

ಆಮೇಲೆ ಅವರು ಕೇಳಿದರು, "ನೀವು ಸಹಿ ಹಾಕದಿದ್ದರೆ ಇದು ಬರುವುದಿಲ್ಲ ಅಲ್ವಾ?" ಹೌದು ಎಂದೆ. ಬೇಡಿಕೊಳ್ಳುತ್ತಾರೆ ಎಂದುಕೊಂಡೆ. ಬೇಡಿಕೊಂಡರೆ ಏನು ಹೇಳಬೇಕೆಂದು ಕಾರಿನಲ್ಲೇ ಯೋಚಿಸಿಟ್ಟಿದ್ದೆ.

"ಹಾಕಿ" ಎಂದರು. "ನಿಮ್ಮ ಹುಡುಗಿಯ ಮೇಲೆ ಅಪವಾದ ಊರೆಲ್ಲ ನೋಡಿತು. ಇದನ್ನೂ ಊರೆಲ್ಲ ನೋಡಲಿ. ನಾನು ದೇವಸ್ಥಾನಕ್ಕೆ ಹೋಗುವ ರಸ್ತೆ ಒಂದೇ ಉಂಟು ಟೀಚರ್, ಅದರಲ್ಲೇ ಹೋಗ್ತೇನೆ."

ನಾನು ತಂದ ಬೆಂಕಿಯನ್ನು ಅವರು ಕೈಯೊಡ್ಡಿ ತೆಗೆದುಕೊಂಡರು. ನನ್ನ ಕೈ ಬರಿದಾಯಿತು.

ಮನೆಗೆ ಬಂದು ಅಲೆಕ್ಸಾಂಡರರ ಎದುರು ಕುಳಿತು ಅದೇ ಕಂತನ್ನು ಇನ್ನೊಮ್ಮೆ ಓದಿದೆ. ಶರೋನ್‌ಗೆ ಅಂಥ ಪ್ರಿಯಕರ ಯಾರೂ ಇರಲಿಲ್ಲ ಎಂಬಲ್ಲಿಗೆ ಬಂದಾಗ, "ಅದನ್ನು ಪುನಃ ಓದು" ಎಂದರು. ಓದಿದೆ. ಮೂರು ಸಲ ಓದಿಸಿದರು. ಮುಂದಿನ ಭಾನುವಾರ ಇಗರ್ಜಿಗೆಂದು ಪ್ಯಾಂಟಿಗೆ ಇಸ್ತ್ರಿ ಹಾಕಿಕೊಂಡರು.

ನಿನ್ನನ್ನು ನಾನು ಕ್ಷಮಿಸಿಲ್ಲ. ಇನ್ನು ಪತ್ರ ಬರೆಯುವುದೂ ಇಲ್ಲ. ಒಪ್ಪಿಗೆಯ ಕಾಗದ ಇದರ ಜೊತೆಗೇ ಉಂಟು. ನನ್ನ ಸಹಿ ಕೆಳಗೆ ಎಡಗಡೆ. ಸಾಕ್ಷಿಗಳು ಇಬ್ಬರು ಬೇಕೆಂದು ವಕೀಲರು ಹೇಳಿದ್ದರು. ಮೊದಲನೆಯದು ಲೆಸ್ಟರನದ್ದು. ಆವತ್ತು ಅಂಬಲಪಾಡಿಯಲ್ಲಿ, ಎರಡನೆಯದಕ್ಕೆ ಯಾರನ್ನು ಕೇಳುವುದೆಂದು ನಾನು ಹೇಳುವ ಮೊದಲೇ ನಿನ್ನ ಅಮ್ಮ ಹೂವಿನ ಕೈಯನ್ನು ಸೆರಗಿಗೆ ಒರೆಸಿ ಪೆನ್ನು ಕೇಳಿದರು. ಸುಭಾಷಿಣಿ, ರಘುವೀರನ ತಾಯಿ, ಎಂದು ಪೂರ್ತಿ ಬರೆದಿದ್ದಾರೆ. ಅಕ್ಷರಕ್ಕೆ ಸ್ವಲ್ಪ ಹೂವಿನ ನೀರು ತಾಗಿದೆ, ಓದಲಿಕ್ಕಾಗುತ್ತದೆ.

ಝೀಟಾ